ಪದ ಬೇಕಿದೆ: ಬೆರಕೆ ಚಾಟನ್ನು ಒಂದೇ ಇಂಗ್ಲಿಷಿಗೆ ತರುವ ಕೆಲಸಕ್ಕೆ

ಶಾಲಿನಿ:
ಎಲ್ಲರಿಗೂ ನಮಸ್ಕಾರ. ಸಂಜೆಯೊಳಗೆ ಒಂದು ಪದ ಬೇಕು. ಪುಣೆ, ಕೊಯಮತ್ತೂರು, ಹುಬ್ಬಳ್ಳಿ ಡಿಪೋಗಳಿಂದ ಹಿಂದಿ, ಮರಾಠಿ, ತಮಿಳು, ಕನ್ನಡ, ಅರೆಬರೆ ಇಂಗ್ಲಿಷ್ ಎಲ್ಲ ಕಲಸಿದ ವಾಟ್ಸ್ಆ್ಯಪ್ ಮೆಸೇಜು ಬರುತ್ತವೆ. ನಾವು ಅವನ್ನು ಒಂದೇ ಥರದ ಇಂಗ್ಲಿಷಿನಲ್ಲಿ ಬರೆದು ರೀಜನಲ್ ಹೆಡ್‌ಗೆ ಕಳಿಸುತ್ತೇವೆ. ಹೊಸಬರಿಗೆ ಕನ್ನಡದಲ್ಲಿ ಕೈಪಿಡಿ ಮಾಡುತ್ತಿದ್ದೇನೆ. ಈ ಕೆಲಸಕ್ಕೆ ಏನನ್ನಲಿ? ‘ಅನುವಾದ’ ಅಂದರೆ ಇಂಗ್ಲಿಷ್ ಮೆಸೇಜನ್ನು ಹಾಗೇ ಬಿಟ್ಟುಬಿಡುತ್ತಾರೆ. ಅದನ್ನೂ ತಿದ್ದಬೇಕು.

ರಘು:
ತರ್ಜುಮೆ. ಮುಗಿಯಿತು.

ಗೋವಿಂದರಾವ್:
ತರ್ಜುಮೆ ಅರಬ್ಬಿಯಿಂದ ಬಂದದ್ದು. ನಮ್ಮದೇ ‘ಒಕ್ಕಣೆ’ ಇದೆಯಲ್ಲ. ಕಣದಲ್ಲಿ ತೆನೆ ಒಕ್ಕಿ ಕಾಳು ತೆಗೆಯುತ್ತೇವೆ, ಕಾಗದದ ಒಕ್ಕಣೆಯೂ ಅದೇ ಮೂಲದ್ದು.

ವಾಸಂತಿ:
ರಾಯರೇ, ಅದೇ ಮೂಲ ಅನ್ನೋದು ನನಗೆ ಒಪ್ಪಿಗೆಯಿಲ್ಲ. ಕಾಗದದ ಒಕ್ಕಣೆ ‘ವ್ಯಾಖ್ಯಾನ’ದ ತದ್ಭವ ಅಂತ ನನಗನಿಸುತ್ತದೆ. ಅದಿರಲಿ, ಮೊದಲು ಕೆಲಸ ನೋಡಿ. ಪುಣೆಯಿಂದ ಹೀಗೊಂದು ಸಾಲು ಬಂತು ಅನ್ನಿ:

```
kal 40 peti dispatch
```

ಬರೆದವರು ಮರಾಠಿಯವರಾದರೆ ‘ಕಾಲ್’, ಅಂದರೆ ನಿನ್ನೆ. ಹಿಂದಿಯವರಾದರೆ ನಿನ್ನೆಯೂ ಹೌದು, ನಾಳೆಯೂ ಹೌದು. ಕ್ರಿಯಾಪದ ಇದ್ದಿದ್ದರೆ ಗೊತ್ತಾಗುತ್ತಿತ್ತು, ಚಾಟಿನಲ್ಲಿ ಅದನ್ನೇ ನುಂಗಿರುತ್ತಾರೆ. ‘ಪೇಟಿ’ ಎರಡೂ ಭಾಷೆಯಲ್ಲಿದೆ, ಹಾಗಾಗಿ ಅದರಿಂದಲೂ ಸುಳಿವಿಲ್ಲ. ನಾನಾದರೆ ಕಳಿಸಿದವರನ್ನೇ ಕೇಳಿ, ನಿನ್ನೆ-ನಾಳೆ ಬಿಟ್ಟು ತಾರೀಖನ್ನೇ ಬರೆಯುತ್ತೇನೆ. ಇದು ಬರೀ ಭಾಷೆ ಬದಲಿಸುವ ಕೆಲಸ ಅಲ್ಲ. ‘ಮರುಬರಹ’ ಅನ್ನಿ.

ಶಾಲಿನಿ:
ಅಕ್ಕ, ನಮ್ಮಲ್ಲಿ ಥೇಟ್ ಇದೇ ಆಯಿತು! ಹೊಸ ಹುಡುಗ ‘ನಾಳೆ’ ಅಂತ ಬರೆದ. ಪೆಟ್ಟಿಗೆಗಳು ಆಗಲೇ ಹೊರಟಿದ್ದವು. ಮೇಲಿನವರು ಅದೇ ಮಾಲಿಗೆ ಇನ್ನೊಂದು ಲಾರಿ ಕರೆಸಿದರು.

ಮೀನಾ:
ರೀಜನಲ್ ಹೆಡ್‌ಗೆ ‘ವಲಯ ಮುಖ್ಯಸ್ಥರು’ ಅಂತ ಹಾಕಬೇಡಿ. ನಾನು ಬ್ಯಾಂಕಿನಲ್ಲಿದ್ದವಳು. ವಲಯ ಅಂದರೆ ಝೋನ್. ರೀಜನ್‌ಗೆ ‘ಪ್ರಾದೇಶಿಕ’.

ರಘು:
ಅವರು ಕೇಳಿದ್ದು ಅದಲ್ಲ ಮೇಡಂ.

ಗೋವಿಂದರಾವ್:
‘ಮರುಬರಹ’ ಅಂದರೆ ಹೊಸಬರು ತಮಗೆ ತೋಚಿದ್ದನ್ನು ಸೇರಿಸುತ್ತಾರೆ. ಯಾರೋ `pakka` ಅಂದದ್ದು ಬರೀ ಭರವಸೆ. ಇಂಗ್ಲಿಷಿನಲ್ಲಿ ‘ಕನ್ಫರ್ಮ್ಡ್’ ಆಗಿ ಕೂರುತ್ತದೆ.

ವಾಸಂತಿ:
ಈ ಮಾತು ನಿಜ ರಾಯರೇ. ಹಾಗಿದ್ದರೆ ಕಚೇರಿಗಳಲ್ಲಿ ಬಳಸುವ ‘ಶುದ್ಧಪ್ರತಿ’? ಕರಡಿನಲ್ಲಿ ಇದ್ದದ್ದೇ ಇರಬೇಕು, ಅಚ್ಚುಕಟ್ಟಾಗಿರಬೇಕು.

ಗೋವಿಂದರಾವ್:
‘ಶುದ್ಧ’ವೂ ಸಂಸ್ಕೃತ, ‘ಪ್ರತಿ’ಯೂ ಸಂಸ್ಕೃತ. ಕನ್ನಡಕ್ಕೆ ಸ್ವಂತ ಬೇರು ಬೇಡವೇ?

ರಘು:
ಡಿಪೋದ ಹುಡುಗನಿಗೆ ಅರ್ಥವಾದರೆ ಸಾಕು. ಬೇರು ಆಮೇಲೆ ನೋಡೋಣ.

ಗೋವಿಂದರಾವ್:
ಹೀಗೆ ‘ಆಮೇಲೆ’ ಅಂದೇ ಎಷ್ಟೋ ಪದ ಕಳೆದುಕೊಂಡೆವು.

ಶಾಲಿನಿ:
ಸದ್ಯಕ್ಕೆ ‘ಶುದ್ಧಪ್ರತಿ’ ಹಾಕಿದ್ದೇನೆ. ಮೂಲ ಮೆಸೇಜು ಪಕ್ಕದ ಕಾಲಮ್ಮಿನಲ್ಲೇ ಇರಬೇಕು ಅಂತಲೂ ಸೇರಿಸಿದ್ದೇನೆ. ಇನ್ನೊಂದು ಉಳಿದಿದೆ. `1.5 L` ಅಂತ ಬಂದರೆ ಒಂದೂವರೆ ಲಕ್ಷವೋ ಲೀಟರೋ? ನಾವು ಮಾರೋದು ಎಣ್ಣೆ.