“ತೆರಿಗೆ ಕಳೆಯಿರಿ” ಅಂದರೆ ತಪ್ಪಾಗುತ್ತಿದೆ, ಬೇರೆ ಪದ ಯಾವುದು?

ಎಲ್ಲರಿಗೂ ನಮಸ್ಕಾರ,

ನಮ್ಮ ಊರಿನ ಸ್ವಸಹಾಯ ಸಂಘದವರಿಗೆ ಲೆಕ್ಕ ಬರೆಯುವುದನ್ನು ಹೇಳಿಕೊಡುತ್ತಿದ್ದೇನೆ. ಅದಕ್ಕೊಂದು ಕನ್ನಡದ ಕೈಪಿಡಿ ಮಾಡುತ್ತಿದ್ದೇನೆ. ಒಂದು ವಾಕ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಸಂಘಕ್ಕೆ ಒಂದು ಮಿಕ್ಸಿ ತಂದರು. ಬಿಲ್ಲಿನಲ್ಲಿ 2,950 ರೂಪಾಯಿ, “ಎಲ್ಲಾ ತೆರಿಗೆ ಸೇರಿ” ಅಂತ ಇತ್ತು. ಜಿಎಸ್‌ಟಿ ಶೇ. 18. ತೆರಿಗೆ ಎಷ್ಟು, ತೆರಿಗೆ ಹಾಕುವ ಮೊದಲಿನ ಬೆಲೆ ಎಷ್ಟು ಅಂತ ಬರೆಯಬೇಕಿತ್ತು. ನಾನು “ಒಟ್ಟು ಮೊತ್ತದಿಂದ ಶೇ. 18 ತೆರಿಗೆ ಕಳೆಯಿರಿ, ಮೂಲ ಬೆಲೆ ಸಿಗುತ್ತದೆ” ಅಂತ ಬರೆದಿದ್ದೆ. ಒಬ್ಬ ಅಕ್ಕ ಬರೆದಂತೆಯೇ ಮಾಡಿದರು. 2,950ಕ್ಕೆ ಶೇ. 18 ಅಂದರೆ 531. ಕಳೆದರೆ 2,419. ಆಮೇಲೆ ಅವರೇ ಕೇಳಿದರು, “ಸರ್, 2,419ಕ್ಕೆ ತಿರುಗಿ ಶೇ. 18 ಹಾಕಿದರೆ 2,854 ಆಗುತ್ತೆ, 2,950 ಬರಲ್ಲ ಅಲ್ವಾ?” ಅವರ ಲೆಕ್ಕ ಸರಿಯಾಗಿತ್ತು. ನನ್ನ ವಾಕ್ಯ ತಪ್ಪಾಗಿತ್ತು.

“ಕಳೆ”ಗೆ ಬದಲು ಏನು ಬರೆಯಲಿ? “ಮೂಲ ಬೆಲೆ” ಸರಿಯೇ?

ದಾವಣಗೆರೆಯ ಅಕೌಂಟೆಂಟ್

ತೊಂದರೆ “ಕಳೆ”ಯಲ್ಲಿ ಮಾತ್ರ ಇಲ್ಲ, “ಮೊತ್ತದಿಂದ ಶೇ. 18” ಅನ್ನುವುದರಲ್ಲಿದೆ. ಶೇ. 18 ಅನ್ನುವುದು 2,950ರ ಪಾಲಲ್ಲ. ಅದು ಮೊದಲಿನ ಬೆಲೆಯ ಮೇಲೆ ಹಾಕಿದ್ದು. ನಾವು ಮಾತಾಡುವಾಗಲೂ “ಬೆಲೆಯ ಮೇಲೆ ತೆರಿಗೆ” ಅನ್ನುತ್ತೇವೆ. ಆ “ಮೇಲೆ”ಯನ್ನು ಕೈಬಿಟ್ಟಿದ್ದಕ್ಕೇ ಲೆಕ್ಕ ಜಾರಿತು.

ಮೊದಲಿನ ಬೆಲೆ 100 ಅಂದುಕೊಳ್ಳಿ. 18 ಸೇರಿದರೆ 118. ಹಾಗಾದರೆ ಬಿಲ್ಲಿನ ಪ್ರತಿ 118 ರೂಪಾಯಿಯೊಳಗೆ 18 ತೆರಿಗೆ ಕೂತಿದೆ.

```
ಬೆಲೆ   = 2950 × 100 ÷ 118 = 2500
ತೆರಿಗೆ = 2950 × 18 ÷ 118 = 450
```

2,950ರೊಳಗೆ ಹುಡುಕಿದರೆ ತೆರಿಗೆ ಶೇ. 15.25ರಷ್ಟೇ ಇರುತ್ತದೆ. ಆ ಅಕ್ಕನ ಲೆಕ್ಕದಲ್ಲಿ 81 ರೂಪಾಯಿ ತೆರಿಗೆ ಜಾಸ್ತಿ ಬಂದಿದ್ದು ಇದರಿಂದಲೇ. ತಿರುಗಿ ಹಾಕಿ ನೋಡಿದರಲ್ಲ, ಅದೇ ಒಳ್ಳೆಯ ಪರೀಕ್ಷೆ. ಕೈಪಿಡಿಯಲ್ಲಿ ಅದನ್ನೂ ಸೇರಿಸಿ.

ಹಾಸನದಿಂದ ಒಬ್ಬರು

ನಮ್ಮಲ್ಲಿ ಶೇ. 18ರಲ್ಲಿ ಅರ್ಧ ಕೇಂದ್ರದ ಸಿಜಿಎಸ್‌ಟಿ, ಅರ್ಧ ರಾಜ್ಯದ ಎಸ್‌ಜಿಎಸ್‌ಟಿ, ತಲಾ ಶೇ. 9 ಬರುತ್ತದಲ್ಲ. ಹಾಗಾಗಿ ಮೊದಲು 109ರಿಂದ ಭಾಗಿಸಿ ಒಂದು ತೆರಿಗೆ ತೆಗೆದು, ಉಳಿದದ್ದನ್ನು ಮತ್ತೆ 109ರಿಂದ ಭಾಗಿಸಬೇಕು. ಭಾಗಿಸುವುದೇ ಸರಿ, ಕಳೆಯುವುದಲ್ಲ.

ದಾವಣಗೆರೆಯ ಅಕೌಂಟೆಂಟ್

ಭಾಗಿಸುವುದು ಸರಿ, ಎರಡು ಸಲ ಭಾಗಿಸುವುದು ಸರಿಯಲ್ಲ. ಹಾಗೆ ಮಾಡಿದರೆ 2,483ರ ಹತ್ತಿರ ಬರುತ್ತದೆ. ಎರಡೂ ತೆರಿಗೆ ಒಂದೇ 2,500ರ ಮೇಲೆ ಬಿದ್ದಿವೆ, ಒಂದರ ಮೇಲೊಂದು ಬಿದ್ದಿಲ್ಲ. ಒಂದೊಂದನ್ನೂ ಬೇರೆಯಾಗಿ ಬೇಕಿದ್ದರೆ 2950 × 9 ÷ 118 ಮಾಡಿ, 225 ಬರುತ್ತದೆ. ಮೇಲೆ 9 ಇದ್ದರೂ ಕೆಳಗೆ 118 ಇರಬೇಕು. ಸಿಜಿಎಸ್‌ಟಿ ನಿಯಮ 35ರಲ್ಲೂ ಹೀಗೇ ಇದೆ: ಕೆಳಗೆ 100ಕ್ಕೆ ಎಲ್ಲ ದರಗಳನ್ನೂ ಕೂಡಿಸಬೇಕು.

ಬಟ್ಟೆ ಅಂಗಡಿಯವರು, ಗದಗ

ನಮ್ಮ ಕಡೆ “ಮೂಲ ಬೆಲೆ” ಅಂದರೆ ನಾವು ಹೋಲ್‌ಸೇಲ್‌ನಲ್ಲಿ ಕೊಟ್ಟ ದುಡ್ಡು, ಅಂದರೆ ಅಸಲು. ಗಿರಾಕಿ “ಮೂಲ ಬೆಲೆ ಹೇಳಿ” ಅಂದರೆ ನಾನು ಹೇಳಲ್ಲ! ಬಿಲ್ ಬರೆಯುವವರು “ಬೇಸಿಕ್ ರೇಟು” ಅಂತಾರೆ. ಇನ್ನೊಂದು ವಿಷಯ. ನಾನು ಸಣ್ಣ ವ್ಯಾಪಾರಿಗಳಿಗಿರುವ ಜಿಎಸ್‌ಟಿ ಕಾಂಪೊಸಿಷನ್ ಯೋಜನೆಯಲ್ಲಿದ್ದೇನೆ, ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ನನ್ನ ಬಿಲ್ಲಿನಿಂದ ಎಷ್ಟು ತೆರಿಗೆ ತೆಗೆಯಬೇಕು?

ದಾವಣಗೆರೆಯ ಅಕೌಂಟೆಂಟ್

ನಿಮ್ಮ ಬಿಲ್ಲಿನಲ್ಲಿ ತೆರಿಗೆಯೇ ಸೇರಿಲ್ಲ, ತೆಗೆಯುವುದಕ್ಕೆ ಏನೂ ಇಲ್ಲ. ನೀವು ಕಟ್ಟುವುದು ನಿಮ್ಮ ವಹಿವಾಟಿನ ಮೇಲೆ, ಕೈಯಿಂದ. ಕೈಪಿಡಿ ಬರೆಯುವವರು ಇದನ್ನು ಗಮನಿಸಬೇಕು. ಮೊದಲು ಅದು ತೆರಿಗೆ ಬಿಲ್ಲೇ ಅಂತ ನೋಡಬೇಕು, ಆಮೇಲೆ ಲೆಕ್ಕ.

ಕನ್ನಡ ಮೇಷ್ಟ್ರು, ಶಿವಮೊಗ್ಗ

“ಬಿಡಿಸು” ಹೇಗೆ? ಅವರೆಕಾಯಿ ಬಿಡಿಸುತ್ತೇವೆ. ಸಿಪ್ಪೆಯೊಳಗೆ ಕಾಳು ಮೊದಲೇ ಇರುತ್ತದೆ, ನಾವು ಎರಡನ್ನೂ ಬೇರೆ ಮಾಡುತ್ತೇವೆ. ಇಲ್ಲೂ ಅಷ್ಟೇ. ಲೆಕ್ಕವನ್ನೂ ಬಿಡಿಸುತ್ತೇವಲ್ಲ. “ಮುರಿದುಕೊ” ಬೇಡ. ಅದು ಸಂಬಳದಲ್ಲಿ ಹಿಡಿದುಕೊಂಡ ಹಾಗೆ ಕೇಳಿಸುತ್ತದೆ.

ಹಾಸನದಿಂದ ಒಬ್ಬರು

ಎರಡು ಸಲ ಭಾಗಿಸಿದ್ದು ನನ್ನ ತಪ್ಪು, ಒಪ್ಪಿದೆ. ಆದರೆ “ತೆರಿಗೆ ಬಿಡಿಸಿ” ಅಂದರೆ ತೆರಿಗೆಯಿಂದ ಬಿಡುಗಡೆ ಮಾಡಿಸಿ ಅಂತ ಆಗಲ್ವಾ?

ಕೇಳಿದವರು

ಹಾಗಾಗಬಹುದು ಅಂತ ನನಗೂ ಅನಿಸಿತು. “ತೆರಿಗೆಯನ್ನೂ ಬೆಲೆಯನ್ನೂ ಬಿಡಿಸಿ ಬರೆಯಿರಿ” ಅಂತ ಇಟ್ಟು ನೋಡುತ್ತೇನೆ, ಎರಡೂ ಹೆಸರು ಇದ್ದರೆ ಆ ಅರ್ಥ ಬರಲಿಕ್ಕಿಲ್ಲ. “ಮೂಲ ಬೆಲೆ” ಅಳಿಸಿದೆ. ಅದರ ಜಾಗದಲ್ಲಿ “ತೆರಿಗೆ ಹಾಕುವ ಮೊದಲಿನ ಬೆಲೆ” ಬರೆದೆ, ಉದ್ದವಾಯಿತು. ಕಾಲಮಿನಲ್ಲಿ ಹಿಡಿಸುವಂಥ ಚಿಕ್ಕ ಪದ ಯಾರಾದರೂ ದಿನಾ ಬಳಸುತ್ತಿದ್ದರೆ ತಿಳಿಸಿ.