ಸಮ ಶಾಖ ಪಡೆಯುವ ಕೊಳವೆಯಲ್ಲಿ ನೀರಿನ ಹೊರಹರಿವಿನ ತಾಪಮಾನ: ಲೆಕ್ಕ 44, ಅಳತೆ 36

ಪ್ರಶ್ನೆ (ಮೆಕ್ಯಾನಿಕಲ್ ಮೂರನೇ ವರ್ಷದ ವಿದ್ಯಾರ್ಥಿನಿ):
ನಮ್ಮ ಪ್ರಯೋಗಾಲಯದಲ್ಲಿ 10 ಮಿ.ಮೀ. ಒಳವ್ಯಾಸದ, 2 ಮೀಟರ್ ಉದ್ದದ ತಾಮ್ರದ ಕೊಳವೆಯನ್ನು ಅಡ್ಡಲಾಗಿ ಇಟ್ಟು, ಉದ್ದಕ್ಕೂ ಸಮನಾಗಿ ಹೀಟರ್ ತಂತಿ ಸುತ್ತಿ, ಮೇಲೆ ಒಂದು ಇಂಚು ಗ್ಲಾಸ್ ವುಲ್ ಹೊದಿಸಿದ್ದಾರೆ. ಡಿಮ್ಮರ್‌ಸ್ಟಾಟ್ 160 ವೋಲ್ಟ್‌ನಲ್ಲಿದ್ದಾಗ 2.5 ಆಂಪಿಯರ್ ತೋರಿಸುತ್ತದೆ. ನೀರು 25 ಡಿಗ್ರಿಯಲ್ಲಿ ಒಳಗೆ ಹೋಗುತ್ತದೆ, ನಿಮಿಷಕ್ಕೆ 300 ಮಿ.ಲೀ. ಹರಿಯುತ್ತದೆ. ಹೊರತುದಿಯನ್ನು ಲೆಕ್ಕ ಹಾಕಿ ತಿಳಿಯಲು Nu = 4.36 ಇಟ್ಟು h ಕಂಡುಕೊಂಡೆ. ಮುಂದೆ ಗೋಡೆಯ ತಾಪಮಾನವೇ ಗೊತ್ತಿಲ್ಲದ್ದರಿಂದ ಅಲ್ಲೇ ನಿಂತೆ. ಶಕ್ತಿಯ ಸಮತೋಲನದಿಂದ ಹೋದರೆ 44 ಡಿಗ್ರಿ ಬರುತ್ತದೆ, ಆದರೆ ಹೊರತುದಿಯಲ್ಲಿ ಕೊಳವೆಯ ನಡುವೆ ಇಟ್ಟ ಥರ್ಮೋಕಪಲ್ 36 ತೋರಿಸುತ್ತದೆ. ಯಾವುದನ್ನು ನಂಬಬೇಕು?

ಪಾಲಿಟೆಕ್ನಿಕ್ ಲ್ಯಾಬ್ ಬೋಧಕರು:
ನೀವು ಮೊದಲು ಗೋಡೆಯ ಸರಾಸರಿ ತಾಪಮಾನವನ್ನು ಅಳೆದು, ಲಾಗ್ ಸರಾಸರಿ ತಾಪಮಾನ ವ್ಯತ್ಯಾಸ ಹಿಡಿದು, ನಿಮ್ಮ h ಬಳಸಿ ಹೊರತುದಿ ತೆಗೆಯಬೇಕು. 44ಕ್ಕೂ 36ಕ್ಕೂ ಇರುವ ವ್ಯತ್ಯಾಸ ಬರಿಯ ಶಾಖ ಸೋರಿಕೆಯೇ. ನಮ್ಮಲ್ಲಿಯೂ ಈ ಉಪಕರಣದಲ್ಲಿ ಸೋರಿಕೆ ಇದ್ದೇ ಇರುತ್ತದೆ.

ಶಾಖ ವಿನಿಮಯಕಗಳ ವಿನ್ಯಾಸ ಎಂಜಿನಿಯರ್:
ಸರ್ ಹೇಳಿದ ಎರಡನೆಯ ಮಾತಿನಲ್ಲಿ ಸ್ವಲ್ಪ ನಿಜವಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಲಾಗ್ ಸರಾಸರಿ ಮಾತ್ರ ಇಲ್ಲಿಗೆ ಸಲ್ಲದು. ಗೋಡೆಯ ತಾಪಮಾನ ಸ್ಥಿರವಾಗಿದ್ದಾಗ, ಅಂದರೆ ಹೊರಗೆ ಉಗಿ ಸಾಂದ್ರಗೊಳ್ಳುತ್ತಿರುವಾಗ, ನೀರು ಬಿಸಿಯಾದಂತೆಲ್ಲ ಗೋಡೆಯಿಂದ ಬರುವ ಶಾಖ ಕಡಿಮೆಯಾಗುತ್ತ ಹೋಗುವುದರಿಂದ ಆ ಸೂತ್ರ ಹುಟ್ಟುತ್ತದೆ. ಹೀಟರ್ ತಂತಿಗೆ ನೀರು ಎಷ್ಟು ಬಿಸಿಯಾಗಿದೆ ಎಂಬ ಪರಿವೆಯೇ ಇಲ್ಲ; ಪ್ರತಿ ಸೆಂಟಿಮೀಟರಿನಲ್ಲೂ ಅದು ಅಷ್ಟೇ ಶಾಖ ಕೊಡುತ್ತದೆ, ಗೋಡೆ ತನಗೆ ಬೇಕಾದಷ್ಟು ಏರಿಕೊಳ್ಳುತ್ತದೆ. ಆದ್ದರಿಂದ ಹೊರತುದಿಯ ಬಲ್ಕ್ ತಾಪಮಾನಕ್ಕೆ h ಬೇಕಿಲ್ಲ, ಹರಿವು ಪೂರ್ಣವಾಗಿ ಬೆಳೆದಿರಬೇಕೆಂಬ ಷರತ್ತೂ ಬೇಕಿಲ್ಲ. ನಿಮಿಷಕ್ಕೆ 300 ಮಿ.ಲೀ. ಎಂದರೆ ಸೆಕೆಂಡಿಗೆ 0.005 ಕೆ.ಜಿ. ಆಗುತ್ತದೆ, ಶಕ್ತಿ 400 ವಾಟ್:

```
Tm,o = Tm,i + Q/(m·cp)
     = 25 + 400/(0.005 × 4180)
     = 25 + 19.1 = 44.1 °C
```

cp ಅನ್ನು ಒಳ–ಹೊರ ತಾಪಮಾನಗಳ ಸರಾಸರಿಯಲ್ಲಿ, ಇಲ್ಲಿ 35ರ ಸುಮಾರಿನಲ್ಲಿ, ತೆಗೆದುಕೊಳ್ಳುವುದು ಪದ್ಧತಿ. ನೀರಿಗೆ ಈ ವ್ಯಾಪ್ತಿಯಲ್ಲಿ ಅದು ಅಷ್ಟೇನೂ ಬದಲಾಗದ ಕಾರಣ ಮತ್ತೊಂದು ಸುತ್ತು ಲೆಕ್ಕ ಬೇಕಾಗುವುದಿಲ್ಲ.

ನೀವು ಕಂಡುಕೊಂಡ h ಬೇಕಾಗುವುದು ಇದಾದ ಮೇಲೆ, ಗೋಡೆ ಎಷ್ಟು ಬಿಸಿಯಾಗುತ್ತದೆ ಎಂದು ತಿಳಿಯಲು. 35 ಡಿಗ್ರಿಯಲ್ಲಿ ರೆನಾಲ್ಡ್ಸ್ ಸಂಖ್ಯೆ 880ರ ಸುಮಾರು ಇರುವುದರಿಂದ ಹರಿವು ಲ್ಯಾಮಿನಾರ್ ಎಂಬುದರಲ್ಲಿ ಅನುಮಾನವಿಲ್ಲ. ನೀರಿನ k 0.623 ಎಂದಿಟ್ಟರೆ h 272 ಬರುತ್ತದೆ. ಒಳಮೈಯ ಹೀಟ್ ಫ್ಲಕ್ಸ್ ಚದರ ಮೀಟರಿಗೆ 6370 ವಾಟ್. ಇವೆರಡನ್ನು ಭಾಗಿಸಿದರೆ ಗೋಡೆ ನೀರಿಗಿಂತ 23 ಡಿಗ್ರಿಯಷ್ಟು ಮೇಲಿರಬೇಕು, ಅಂದರೆ ಹೊರತುದಿಯಲ್ಲಿ 67ರಿಂದ 68.

ಇನ್ನು ನಿಮ್ಮ 36. ಸೂತ್ರದಲ್ಲಿರುವ ಬಲ್ಕ್ ತಾಪಮಾನವು ಕೊಳವೆಯ ಯಾವುದೋ ಒಂದು ಬಿಂದುವಿನ ತಾಪಮಾನವಲ್ಲ. ಆ ಅಡ್ಡಕೊಯ್ತದಿಂದ ಹೊರಬರುವ ನೀರನ್ನೆಲ್ಲ ಒಂದು ಲೋಟದಲ್ಲಿ ಹಿಡಿದು ಕಲಕಿದರೆ ಎಷ್ಟಿರುತ್ತದೋ ಅಷ್ಟು. ಲ್ಯಾಮಿನಾರ್ ಹರಿವಿನಲ್ಲಿ ನಡುವಿನ ನೀರು ಸರಾಸರಿಯ ಎರಡರಷ್ಟು ವೇಗದಲ್ಲಿ ಓಡುತ್ತದೆ, ಗೋಡೆಯಿಂದ ಅತ್ಯಂತ ದೂರದಲ್ಲೂ ಇರುತ್ತದೆ. ಹೀಗಾಗಿ ಎಲ್ಲಕ್ಕಿಂತ ತಣ್ಣಗಿರುವುದು ಅದೇ. ಪೂರ್ಣ ಬೆಳೆದ ಹರಿವಿನ ತಾಪಮಾನದ ವಕ್ರರೇಖೆಯನ್ನು ಬಿಡಿಸಿದರೆ ನಡುವಿನ ಬಿಂದು ಬಲ್ಕ್‌ಗಿಂತ

```
Tm − Tc = (7/24)·q"·R/k ≈ 15 °C
```

ಅಷ್ಟು ಕೆಳಗಿರಬೇಕು. ಅಂದರೆ ಸಿದ್ಧಾಂತದ ಪ್ರಕಾರ ನಿಮ್ಮ ಥರ್ಮೋಕಪಲ್ 29 ತೋರಿಸಬೇಕಿತ್ತು. 36 ಏಕೆ ಕಡಿಮೆ ಬಂತು ಎಂದು ನೀವು ಕೇಳಿದ್ದೀರಿ. ನನಗೆ ಕುತೂಹಲ ಹುಟ್ಟಿಸುವುದು ಅದು ಏಕೆ ಅಷ್ಟು ಹೆಚ್ಚು ಬಂತು ಎಂಬುದು. ದಯವಿಟ್ಟು ಹೊರಬರುವ ನೀರನ್ನು ಒಂದು ನಿಮಿಷ ಥರ್ಮಾಸ್ ಫ್ಲಾಸ್ಕಿನಲ್ಲಿ ಹಿಡಿದು, ಕಲಕಿ, ಅದರ ತಾಪಮಾನ ತಿಳಿಸಿ. ಫ್ಲಾಸ್ಕನ್ನು ಮೊದಲೇ ಅದೇ ನೀರಿನಿಂದ ಒಮ್ಮೆ ತೊಳೆದುಕೊಳ್ಳಿ, ಇಲ್ಲದಿದ್ದರೆ ಅದರ ಗಾಜೇ ಒಂದಿಷ್ಟು ಶಾಖ ಕುಡಿಯುತ್ತದೆ. ಹೊರತುದಿಯ ಬಳಿ ಗೋಡೆಯ ಮೇಲೆ ಥರ್ಮೋಕಪಲ್ ಇದ್ದರೆ ಅದನ್ನೂ ಬರೆದುಕೊಳ್ಳಿ.

ಹಾಲಿನ ಘಟಕದ ತಂತ್ರಜ್ಞ:
ನಮ್ಮಲ್ಲಿ ಹಾಲಿನ ಕೊಳವೆಯ ಸುತ್ತ ಉಗಿಯ ಜಾಕೆಟ್ ಇದೆ. ಮೇಡಂ ಹೇಳಿದ ಹಾಗೆ ಶಾಖವನ್ನು ಹರಿವಿನಿಂದ ಭಾಗಿಸಿ ಹೊರತುದಿ ತೆಗೆಯಲು ಹೊರಟರೆ ಉಗಿಯಿಂದ ಎಷ್ಟು ಶಾಖ ಬರುತ್ತದೆ ಎಂಬುದೇ ನಮಗೆ ತಿಳಿದಿಲ್ಲ. 4.36ನ್ನು ನಾವೂ ಬಳಸಬಹುದೇ?

ವಿನ್ಯಾಸ ಎಂಜಿನಿಯರ್:
ನಿಮ್ಮದು ಬೇರೆ ಲೆಕ್ಕ. ನಿಮ್ಮಲ್ಲಿ ಸ್ಥಿರವಾಗಿರುವುದು ಗೋಡೆಯ ತಾಪಮಾನ, ಆದ್ದರಿಂದ ಹೊರತುದಿ ತಿಳಿಯಲು h ಬೇಕೇ ಬೇಕು; ಬೋಧಕರು ಹೇಳಿದ ಲಾಗ್ ಸರಾಸರಿ ಸಲ್ಲುವುದು ನಿಮಗೆ. ಲ್ಯಾಮಿನಾರ್ ಆಗಿದ್ದರೆ ಅಲ್ಲಿ ನಸೆಲ್ಟ್ ಸಂಖ್ಯೆ 3.66. ಆದರೆ ಹಾಲಿನ ಘಟಕಗಳಲ್ಲಿ ಹರಿವು ಸಾಮಾನ್ಯವಾಗಿ ಟರ್ಬುಲೆಂಟ್ ಆಗಿರುತ್ತದೆ, ಆಗ ಈ ಎರಡೂ ಅಂಕಿಗಳು ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಕೊಳವೆಯ ವ್ಯಾಸ ಮತ್ತು ಗಂಟೆಗೆ ಎಷ್ಟು ಲೀಟರ್ ಎಂಬುದನ್ನು ಬರೆದು ಪ್ರತ್ಯೇಕ ಪ್ರಶ್ನೆಯಾಗಿ ಹಾಕಿ.

ವಿದ್ಯಾರ್ಥಿನಿ:
ಮೇಡಂ, ಫ್ಲಾಸ್ಕಿನಲ್ಲಿ ಹಿಡಿದ ನೀರು 41.6 ಇತ್ತು. ಹೊರತುದಿಯ ಗೋಡೆಯ ಥರ್ಮೋಕಪಲ್ 58 ತೋರಿಸುತ್ತಿದೆ, ನಿಮ್ಮ ಲೆಕ್ಕದ 67 ಅಲ್ಲ. ನಡುವಿನದ್ದು ಈಗಲೂ 36.

ಲ್ಯಾಬ್ ಬೋಧಕರು:
41.6 ಎಂದರೆ ನೀರಿಗೆ ಸೇರಿದ್ದು 347 ವಾಟ್ ಮಾತ್ರ. ಉಳಿದ 53 ವಾಟ್ ಗ್ಲಾಸ್ ವುಲ್ ಮೂಲಕ ಹೋಗಿದೆ. ಸೋರಿಕೆ ಎಂದು ನಾನು ಮೊದಲೇ ಹೇಳಿದ್ದೆ.

ವಿನ್ಯಾಸ ಎಂಜಿನಿಯರ್:
ಸೋರಿಕೆ ಇದೆ, ಒಪ್ಪುತ್ತೇನೆ. ಆದರೆ 44 ಮತ್ತು 36ರ ನಡುವಿನ ಎಂಟು ಡಿಗ್ರಿಯಲ್ಲಿ ಅದರ ಪಾಲು ಎರಡೂವರೆ. ಮಿಕ್ಕದ್ದು ಥರ್ಮೋಕಪಲ್ ಇರುವ ಜಾಗದ್ದು. ಅಲ್ಲದೆ 53 ವಾಟ್ ಪೂರ್ತಿ ಗ್ಲಾಸ್ ವುಲ್ ಮೂಲಕವೇ ಹೋಗಿರಲಾರದು. ಅದರ ಉಷ್ಣವಾಹಕತೆ 0.04ರ ಆಸುಪಾಸು, ಒಂದು ಇಂಚು ದಪ್ಪಕ್ಕೆ, ತಂತಿಗೂ ಕೋಣೆಗೂ ನಲವತ್ತು ಡಿಗ್ರಿ ವ್ಯತ್ಯಾಸ ಹಿಡಿದರೂ ಎರಡು ಮೀಟರಿನಲ್ಲಿ ಹತ್ತು–ಹದಿನೈದು ವಾಟ್‌ಗಿಂತ ಹೆಚ್ಚು ಹೋಗುವುದಿಲ್ಲ. ಉಳಿದದ್ದು ತುದಿಗಳ ಫ್ಲಾಂಜ್ ಮೂಲಕ ಹೋಗಿರಬಹುದು, ಹೊದಿಕೆಯಿಲ್ಲದೆ ಹೊರಗೆ ಉಳಿದ ತಂತಿಯ ತುದಿಗಳಲ್ಲಿ ಹೋಗಿರಬಹುದು. ಅಥವಾ ಅಳತೆ ಜಾಡಿ ಮತ್ತು ಸ್ಟಾಪ್‌ವಾಚ್‌ನಲ್ಲಿ ಹರಿವು ಶೇ. 5 ತಪ್ಪಿದ್ದರೆ ಅದೊಂದೇ 17 ವಾಟ್ ಆಗುತ್ತದೆ. ಇನ್ನೊಂದು ಸಾಧ್ಯತೆ, ಉಪಕರಣ ಇನ್ನೂ ಸ್ಥಿರ ಸ್ಥಿತಿಗೆ ಬಂದಿರಲಿಲ್ಲ ಎಂಬುದು. ನೀರು ಕೊಳವೆ ದಾಟಲು ಅರ್ಧ ನಿಮಿಷ ಸಾಕು, ಆದರೆ ಗ್ಲಾಸ್ ವುಲ್ ತನ್ನಷ್ಟಕ್ಕೆ ಬಿಸಿಯಾಗಲು ನಿಧಾನ ಮಾಡುತ್ತದೆ. ಐದು ನಿಮಿಷಕ್ಕೊಮ್ಮೆ ಬರೆದುಕೊಂಡು, ಮೂರು ಅಳತೆಗಳು ಒಂದೇ ಆಗುವವರೆಗೆ ಕಾಯಬೇಕು.

ಗೋಡೆಯ 58 ಹೆಚ್ಚು ಕುತೂಹಲದ್ದು. ನೀರಿಗೆ ನಿಜವಾಗಿ ಸೇರಿದ 347 ವಾಟ್ ಹಿಡಿದರೆ ಹೀಟ್ ಫ್ಲಕ್ಸ್ 5520. ಗೋಡೆ ಮತ್ತು ಬಲ್ಕ್ ನಡುವೆ 16.4 ಡಿಗ್ರಿ. ಆಗ h 337, ನಸೆಲ್ಟ್ ಸಂಖ್ಯೆ 5.4. ಇದು 4.36ಕ್ಕಿಂತ ಸಾಕಷ್ಟು ಮೇಲೆ.

ವಿದ್ಯಾರ್ಥಿನಿ:
ಹರಿವು ಪೂರ್ಣವಾಗಿ ಬೆಳೆದಿಲ್ಲದ ಕಾರಣ ಹೀಗಾಯಿತೇ? ಹೀಟರ್ ಶುರುವಾಗುವ ಮೊದಲು ಅರ್ಧ ಮೀಟರ್ ಬರಿಯ ಕೊಳವೆ ಇದೆ.

ವಿನ್ಯಾಸ ಎಂಜಿನಿಯರ್:
ವೇಗದ ಮಟ್ಟಿಗೆ ಆ ಅರ್ಧ ಮೀಟರ್ ಸಾಕು, 0.05·Re·D ಎಂದು ಹಾಕಿದರೆ 0.44 ಮೀಟರ್ ಬರುತ್ತದೆ. ತಾಪಮಾನದ ವಕ್ರರೇಖೆ ಬೆಳೆಯಲು ಅದನ್ನು ಪ್ರಾಂಡ್ಟ್ ಸಂಖ್ಯೆಯಿಂದಲೂ ಗುಣಿಸಬೇಕು, ಅದು ಇಲ್ಲಿ 4.8. ಹೀಟರ್ ಆರಂಭದಿಂದ 2.1 ಮೀಟರ್ ಬೇಕು, ಅಂದರೆ ನಿಮ್ಮ ಕೊಳವೆ ಬೆಳವಣಿಗೆ ಮುಗಿಯುವ ಹೊತ್ತಿಗೆ ತಾನೂ ಮುಗಿಯುತ್ತದೆ. ಹೀಟರಿನ ಮೊದಲ ಅರ್ಧ ಮೀಟರಿನ ಬಳಿ ನಸೆಲ್ಟ್ 6ರ ಸುಮಾರು ಇದ್ದರೂ, ಹೊರತುದಿಯಲ್ಲಿ 4.5ಕ್ಕೆ ಇಳಿದಿರಬೇಕು. ಆದ್ದರಿಂದ 5.4ಕ್ಕೆ ಇದೊಂದೇ ಕಾರಣವಾಗಲಾರದು.

ನನ್ನ ಅನುಮಾನ ಸಹಜ ಸಂವಹನದ ಮೇಲೆ. ಕೊಳವೆ ಅಡ್ಡಲಾಗಿದೆ, ಗೋಡೆ ಬಿಸಿಯಾಗಿದೆ. ಗೋಡೆಯಂಚಿನ ಹಗುರಾದ ನೀರು ಎರಡೂ ಬದಿಯಿಂದ ಮೇಲಕ್ಕೇರಿ ನಡುವೆ ಕೆಳಗಿಳಿಯುತ್ತದೆ, ಮುಂದಕ್ಕೆ ಹರಿಯುತ್ತಲೇ ಎರಡು ಸುಳಿಗಳಾಗಿ ಸುತ್ತುತ್ತದೆ. ನಿಮ್ಮ ಮೊದಲ ಲೆಕ್ಕದ ಅಂಕಿಗಳಲ್ಲಿ Gr/Re² ತೆಗೆದರೆ 0.2ರ ಸುಮಾರು ಬರುತ್ತದೆ, ಅದು ಕಡೆಗಣಿಸುವಷ್ಟು ಚಿಕ್ಕದಲ್ಲ. 4.36 ಬಂದದ್ದು ಈ ಸುಳಿಗಳಿಲ್ಲದ ಹರಿವಿಗೆ. ಇದೇ ಕಲಕುವಿಕೆಯಿಂದ ನಡುವಿನ ನೀರು 29ರ ಬದಲು 36 ಆಗಿದ್ದರೂ ಆಶ್ಚರ್ಯವಿಲ್ಲ.

ಲ್ಯಾಬ್ ಬೋಧಕರು:
ಗೋಡೆಯ ಥರ್ಮೋಕಪಲ್ ಸರಿಯಾಗಿ ಅಂಟಿಲ್ಲದಿದ್ದರೂ 58 ಬರಬಹುದಲ್ಲ? ನಮ್ಮಲ್ಲಿ ಒಮ್ಮೆ ಸಡಿಲವಾಗಿತ್ತು.

ವಿನ್ಯಾಸ ಎಂಜಿನಿಯರ್:
ಬರಬಹುದು ಸರ್. ಸಡಿಲವಾದದ್ದು ಹೀಟರ್ ತಂತಿಗೆ ತಾಗಿದರೆ ಹೆಚ್ಚು ತೋರಿಸುತ್ತದೆ, ತಂತಿಯಿಂದ ದೂರ ಗ್ಲಾಸ್ ವುಲ್ ಒಳಗೆ ಸರಿದರೆ ಕಡಿಮೆ. ಒಂದೇ ಅಳತೆಯಿಂದ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ. ಸಾಧ್ಯವಿದ್ದರೆ ಅದೇ ಅಡ್ಡಕೊಯ್ತದಲ್ಲಿ ಕೊಳವೆಯ ನೆತ್ತಿಯ ಮೇಲೊಂದು, ತಳದಲ್ಲೊಂದು ಥರ್ಮೋಕಪಲ್ ಬೆಸುಗೆ ಹಾಕಿಸಿ. ಸುಳಿಗಳಿದ್ದರೆ ಬಿಸಿ ನೀರು ಮೇಲೆ ಸೇರುವುದರಿಂದ ನೆತ್ತಿ ತಳಕ್ಕಿಂತ ಬಿಸಿಯಾಗಿರಬೇಕು. ಆದರೆ ತಾಮ್ರ ಶಾಖವನ್ನು ಸುತ್ತಲೂ ಚೆನ್ನಾಗಿ ಹಂಚುವುದರಿಂದ ಆ ವ್ಯತ್ಯಾಸ ನಿಮ್ಮ ಮೀಟರಿಗೆ ಕಾಣಿಸದೆಯೂ ಹೋಗಬಹುದು. ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯಾಗಿದ್ದರೆ ಸ್ಪಷ್ಟವಾಗುತ್ತಿತ್ತು.

ಇನ್ನೊಂದು ದಾರಿ, ಡಿಮ್ಮರ್‌ಸ್ಟಾಟನ್ನು 80 ವೋಲ್ಟ್‌ಗೆ ಇಳಿಸಿ 100 ವಾಟ್‌ನಲ್ಲಿ ಪ್ರಯೋಗ ಮಾಡುವುದು. ಹರಿವು ಹಾಗೇ ಇರಲಿ. ತೇಲುವಿಕೆಯ ಪ್ರಭಾವ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ, ನಸೆಲ್ಟ್ 4.5ರ ಕಡೆಗೆ ಸರಿದರೆ ನನ್ನ ಅನುಮಾನಕ್ಕೆ ಬಲ ಬರುತ್ತದೆ. ಆದರೆ ಆಗ ನೀರು ಏರುವುದೇ ಐದು ಡಿಗ್ರಿಗೂ ಕಡಿಮೆ, ಗೋಡೆಯ ವ್ಯತ್ಯಾಸವೂ ಆರು ಡಿಗ್ರಿಯೊಳಗೆ. ಥರ್ಮೋಕಪಲ್ ಅರ್ಧ ಡಿಗ್ರಿ ತಪ್ಪಿದರೂ ನಸೆಲ್ಟ್ ಸಂಖ್ಯೆ ಶೇ. 8–10 ಆಚೀಚೆ ಆಗುತ್ತದೆ. ಹಾಗಾಗಿ ಹೀಟರ್ ಹಾಕುವ ಮೊದಲು ಬರಿಯ 25 ಡಿಗ್ರಿಯ ನೀರು ಹರಿಸಿ, ಎಲ್ಲ ಥರ್ಮೋಕಪಲ್‌ಗಳು ಒಂದೇ ಅಂಕಿ ತೋರಿಸುತ್ತವೆಯೇ ನೋಡಿ, ವ್ಯತ್ಯಾಸವಿದ್ದರೆ ಅದನ್ನು ಕಳೆದು ಲೆಕ್ಕ ಹಾಕಿ.

ವಿದ್ಯಾರ್ಥಿನಿ:
ಸೋಮವಾರ ಲ್ಯಾಬ್ ಸಿಗುತ್ತದೆ ಮೇಡಂ, 100 ವಾಟ್ ಅಳತೆಗಳನ್ನು ಇಲ್ಲೇ ಹಾಕುತ್ತೇನೆ. ವರದಿಯಲ್ಲಿ ಹೊರತುದಿಯ ತಾಪಮಾನ ಎಂದು ಯಾವುದನ್ನು ಬರೆಯಲಿ?

ವಿನ್ಯಾಸ ಎಂಜಿನಿಯರ್:
ಲೆಕ್ಕದ ಬಲ್ಕ್ ತಾಪಮಾನ 44.1, ಫ್ಲಾಸ್ಕಿನಲ್ಲಿ ಅಳೆದದ್ದು 41.6 ಎಂದು ಎರಡನ್ನೂ ಬರೆಯಿರಿ, ನಡುವಿನ 53 ವಾಟ್ ಲೆಕ್ಕವನ್ನೂ ಕೊಡಿ. 36ನ್ನು ಕೈಬಿಡಬೇಡಿ, ಅದನ್ನು ಕೊಳವೆಯ ನಡುಬಿಂದುವಿನ ತಾಪಮಾನ ಎಂದು ಪ್ರತ್ಯೇಕ ಸಾಲಿನಲ್ಲಿ ನಮೂದಿಸಿ.