ಪದಚರ್ಚೆ: ‘ಬಟನ್ ಕೆಲಸ ಮಾಡುತ್ತಿಲ್ಲ’ ಎಂಬ ಒಂದೇ ಮಾತು ಸಾಕೇ?

ವಾಣಿ:
ಎಲ್ಲರಿಗೂ ನಮಸ್ಕಾರ. ಬ್ರೌಸರ್ ಬಳಕೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಫಾರ್ಮ್ ಮುಂದಕ್ಕೆ ಹೋಗದೆ ನಿಂತಾಗ ಏನು ಮಾಡಬೇಕು ಎಂಬ ಅಧ್ಯಾಯ. ಮೂಲದಲ್ಲಿ ಒಂದು ಕಡೆ ಬಟನ್ ‘ಡಿಸೇಬಲ್’ ಆಗಿದೆ ಅಂತಿದೆ, ಇನ್ನೊಂದು ಕಡೆ ‘ರೆಸ್ಪಾಂಡ್’ ಮಾಡುತ್ತಿಲ್ಲ ಅಂತಿದೆ. ಓದುಗರಿಗೆ ಎರಡನ್ನೂ ಬೇರೆ ಮಾಡಿ ಹೇಳಬೇಕೇ? ಆಟೋಫಿಲ್‌ಗೆ ಸದ್ಯಕ್ಕೆ ‘ಸ್ವಯಂಪೂರ್ಣ’ ಎಂದು ಇಟ್ಟುಕೊಂಡಿದ್ದೇನೆ.

ಗೋಪಾಲಕೃಷ್ಣ:
ಸ್ವಯಂಪೂರ್ಣ ಅಂದರೆ ಯಾರ ಹಂಗೂ ಇಲ್ಲದೆ ತಾನೇ ಪೂರ್ಣವಾದದ್ದು. ದೇವರಿಗೆ ಒಪ್ಪುವ ಮಾತಮ್ಮ, ಫಾರ್ಮಿಗಲ್ಲ. ‘ತಾನೇ ತುಂಬುವುದು’ ಎನ್ನಿ. ಬಟನ್ನಿನ ಬಗ್ಗೆ ಇಷ್ಟು ಸೂಕ್ಷ್ಮ ಬೇಡ. ಕ್ಯಾಶೆ ಅಳಿಸಿ ಪುಟ ಮತ್ತೆ ತೆರೆದರೆ ಎರಡೂ ಸರಿಹೋಗುತ್ತವೆ.

ಹರ್ಷ:
ಸರ್, ‘ತಾನೇ ತುಂಬುವುದು’ ಚೆನ್ನಾಗಿದೆ. ಆದರೆ ಆ ಎರಡು ಬಟನ್ ಒಂದೇ ಅಲ್ಲ. ಫಾರ್ಮ್ ಕಟ್ಟುವುದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬಟನ್ ಬೂದು ಬಣ್ಣಕ್ಕೆ ತಿರುಗಿ, ಒತ್ತಲಿಕ್ಕೇ ಬಾರದಂತಿದ್ದರೆ ಅದು ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ, ಕಾಯುತ್ತಿರುತ್ತದೆ. ಯಾವುದೋ ಕಾಲಂನಲ್ಲಿ ಇರುವುದು ಅದಕ್ಕೆ ಒಪ್ಪಿಗೆಯಾಗಿಲ್ಲ. ಇಲ್ಲಿ ಆಟೋಫಿಲ್ ಕೈವಾಡ ಬಹಳ. ಒಂದು ನೋಂದಣಿ ಫಾರ್ಮ್ ತಗೊಳ್ಳಿ: ಮೊದಲು ಹೆಸರು, ಆಮೇಲೆ ಫೋನ್ ನಂಬರ್, ಅದರ ಕೆಳಗೇ ಪಾಸ್‌ವರ್ಡ್. ಪಾಸ್‌ವರ್ಡಿನ ಹಿಂದಿನ ಕಾಲಂ ಲಾಗಿನ್ ಹೆಸರೇ ಇರಬೇಕು ಎಂದು ಬ್ರೌಸರ್ ಊಹಿಸಿ, ಹಿಂದೆ ಉಳಿಸಿಕೊಂಡಿದ್ದ ಇಮೇಲನ್ನು ಫೋನ್ ಕಾಲಂಗೆ ತುಂಬಿಬಿಡುತ್ತದೆ. ಫೋನ್ ನಂಬರಿನಲ್ಲಿ ಅಕ್ಷರಗಳಿವೆಯಲ್ಲ ಎಂದು ಫಾರ್ಮ್ ಬಟನ್ನನ್ನು ಬಿಡುವುದಿಲ್ಲ. ಎಲ್ಲ ತುಂಬಿದೆಯಲ್ಲ ಎಂದು ಬಳಸುವವರು ತಲೆ ಕೆರೆದುಕೊಳ್ಳುತ್ತಾರೆ. ಬ್ರೌಸರ್ ತುಂಬಿದ ಕಾಲಂಗೆ ಬೇರೆ ಹಿನ್ನೆಲೆ ಬಣ್ಣ ಇರುತ್ತದೆ, ಕ್ರೋಮ್‌ನಲ್ಲಿ ತಿಳಿನೀಲಿ. ಮೊದಲು ಅಂಥ ಕಾಲಂಗಳನ್ನೇ ಓದಿನೋಡಬೇಕು.

ಕೆಲವು ಸಲ ತುಂಬಿದ್ದೆಲ್ಲ ಸರಿಯೇ ಇರುತ್ತದೆ, ಬಟನ್ ಮಾತ್ರ ಬೂದಾಗಿಯೇ ಉಳಿಯುತ್ತದೆ. ಕೀಲಿ ಒತ್ತಿದಾಗ ಮಾತ್ರ ಎಚ್ಚರವಾಗುವಂತೆ ಫಾರ್ಮ್ ಬರೆದಿದ್ದರೆ, ಬ್ರೌಸರ್ ತುಂಬಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಆ ಕಾಲಂಗೆ ಹೋಗಿ ಒಂದು ಅಕ್ಷರ ಸೇರಿಸಿ ಅಳಿಸಿದರೆ ಸಾಕು.

ಕ್ಯಾಶೆ ಅಳಿಸುವುದರಿಂದ ಹಳೆಯ ಸ್ಕ್ರಿಪ್ಟ್ ಫೈಲು ಸಿಕ್ಕಿಕೊಂಡಿದ್ದರೆ ಮಾತ್ರ ಉಪಯೋಗ. ಅದಕ್ಕೂ `Ctrl+Shift+R` ಸಾಕಾಗುತ್ತದೆ. ಉಳಿಸಿಟ್ಟ ಇಮೇಲು, ವಿಳಾಸ ಕ್ಯಾಶೆಯಲ್ಲಿ ಇರುವುದಿಲ್ಲ, ಆದ್ದರಿಂದ ಮುಂದಿನ ಸಲವೂ ಅದೇ ತಪ್ಪು ಬಂದು ಕೂರುತ್ತದೆ. ವಿಳಾಸವಾದರೆ `chrome://settings/addresses`ನಲ್ಲಿ, ಲಾಗಿನ್ ಆದರೆ ಪಾಸ್‌ವರ್ಡ್ ಪಟ್ಟಿಯಲ್ಲಿ ತೆಗೆಯಬೇಕು. ಫಾರ್ಮ್ ಬರೆಯುವವರಾದರೆ ಕಾಲಂ ಯಾವುದೆಂದು ಹೇಳಿಬಿಡುವುದು ಮೇಲು:

```
<input type="tel" autocomplete="tel">
<input type="password" autocomplete="new-password">
```

ಬ್ರೌಸರ್ ಇದನ್ನು ಸಾಮಾನ್ಯವಾಗಿ ಕೇಳುತ್ತದೆ, ಯಾವಾಗಲೂ ಅಲ್ಲ. `autocomplete="off"` ಅಂದರಂತೂ ಲಾಗಿನ್ ಕಾಲಂಗಳಲ್ಲಿ ಅನೇಕ ಬ್ರೌಸರ್‌ಗಳು ಲೆಕ್ಕಕ್ಕೇ ಇಡುವುದಿಲ್ಲ.

ಶೈಲಜಾ:
ನನ್ನದೂ ಇದೇ ಕಥೆ ಅನ್ನಿಸುತ್ತೆ. ಅರ್ಜಿ ತುಂಬಿ ಬಟನ್ ಒತ್ತಿದೆ, ಏನೂ ಆಗಲಿಲ್ಲ. ಬೂದು ಗೀದು ಏನಿಲ್ಲ, ಚೆನ್ನಾಗಿಯೇ ಒತ್ತುತ್ತಿತ್ತು. ಮತ್ತೆ ಮತ್ತೆ ಒತ್ತಿದೆ. ಆಮೇಲೆ ನೋಡಿದರೆ ಒಂದೇ ಅರ್ಜಿ ಹಲವು ಸಲ ಹೋಗಿದೆ! ಯಾವ ಕಾಲಂ ಅಳಿಸಬೇಕಿತ್ತು?

ಹರ್ಷ:
ಯಾವುದನ್ನೂ ಅಲ್ಲ ಮೇಡಂ, ನಿಮ್ಮ ಬಟನ್ ಕೆಲಸ ಮಾಡಿದೆ. ರಸೀದಿ ಬೇರೆ ಕಿಟಕಿಯಲ್ಲಿ ತೆರೆಯಬೇಕಿತ್ತೇನೋ, ಅದನ್ನು ಪಾಪ್-ಅಪ್ ಎಂದು ಬ್ರೌಸರ್ ತಡೆದಿರಬೇಕು. ನಾವು ಒತ್ತಿದ ತಕ್ಷಣ ತೆರೆಯುವ ಕಿಟಕಿಗೆ ಅದು ಅಡ್ಡಿ ಮಾಡುವುದಿಲ್ಲ. ಸರ್ವರಿನ ಉತ್ತರಕ್ಕೆ ಕಾದು, ತಡವಾಗಿ ತೆರೆಯಹೊರಟರೆ ಒಪ್ಪುವುದಿಲ್ಲ. ಕ್ರೋಮ್ ಆದರೆ ವಿಳಾಸಪಟ್ಟಿಯ ಬಲತುದಿಯಲ್ಲಿ ಸಣ್ಣ ಗುರುತು ಕಾಣುತ್ತದೆ; ಅದನ್ನು ಒತ್ತಿ ಆ ಒಂದು ತಾಣಕ್ಕೆ ಮಾತ್ರ ಅನುಮತಿ ಕೊಡಿ. ಎಲ್ಲ ತಾಣಗಳಿಗೂ ಬಾಗಿಲು ತೆಗೆಯಬೇಡಿ. ಮತ್ತೆ ಒತ್ತುವ ಮುಂಚೆ ಅರ್ಜಿ ಹೋಗಿದೆಯೇ ಅಂತಲೂ ನೋಡಿಕೊಳ್ಳಿ.

ವಾಣಿ:
ಹಾಗಾದರೆ ನನಗೆ ಬೇಕಾದದ್ದು ಎರಡಲ್ಲ, ಮೂರು ಮಾತು. ‘ಬಟನ್ ಬೂದಾಗಿದೆ’, ‘ಒತ್ತಿದರೂ ಓಗೊಡುತ್ತಿಲ್ಲ’, ಮತ್ತೆ ಶೈಲಜಾ ಅವರದು: ‘ಕೆಲಸ ಆಗಿದೆ, ಕಾಣುತ್ತಿಲ್ಲ’. ನಡುವಿನದು ನಿಜಕ್ಕೂ ಇದೆಯೇ ಹರ್ಷ?

ಹರ್ಷ:
ಇದೆ. ತುಂಬಲೇಬೇಕಾದ ಕಾಲಂ ಮಡಚಿಟ್ಟ ಭಾಗದಲ್ಲಿ ಕಣ್ಣಿಗೆ ಬೀಳದೆ ಖಾಲಿ ಉಳಿದಿದ್ದರೆ, ಬ್ರೌಸರ್‌ಗೆ ತಪ್ಪನ್ನು ತೋರಿಸಲು ಜಾಗವಿಲ್ಲದೆ ಸುಮ್ಮನಾಗುತ್ತದೆ. ಕ್ರೋಮ್‌ನಲ್ಲಿ `F12` ಒತ್ತಿ ಕನ್ಸೋಲ್ ತೆರೆದು, ಬಟನ್ನನ್ನು ಇನ್ನೊಮ್ಮೆ ಒತ್ತಿದರೆ `is not focusable` ಎಂಬ ಮಾತಿರುವ ಸಾಲು ಬರುತ್ತದೆ. ಮಡಚಿದ ಭಾಗಗಳನ್ನೆಲ್ಲ ಬಿಡಿಸಿ ನೋಡಿದರೆ ಆ ಕಾಲಂ ಸಿಗುತ್ತದೆ. ಸಿಗದಿದ್ದರೆ ತಪ್ಪು ತಾಣದವರದ್ದೇ.

ಗೋಪಾಲಕೃಷ್ಣ:
ಕ್ಯಾಶೆಯ ಮಾತು ಬಿಟ್ಟೆ. ಆದರೆ ‘ಬೂದಾಗಿದೆ’ ಅನ್ನುವುದನ್ನು ಒಪ್ಪಲಾರೆ. ಎಲ್ಲ ಫಾರ್ಮಿನಲ್ಲೂ ಬಣ್ಣ ಬೂದೇ ಇರುತ್ತದೆಯೇ? ‘ಮಂಕಾಗಿದೆ’ ಎಂದರೆ ಯಾವ ಬಣ್ಣಕ್ಕೂ ನಡೆಯುತ್ತದೆ.

ವಾಣಿ:
‘ಮಂಕು’ ತಗೊಂಡೆ ಸರ್. ‘ಓಗೊಡುತ್ತಿಲ್ಲ’ ಅನ್ನುವುದು ಎಲ್ಲ ಕಡೆಯ ಓದುಗರಿಗೂ ತಟ್ಟನೆ ತಿಳಿಯುತ್ತದೆಯೇ, ‘ಸ್ಪಂದಿಸುತ್ತಿಲ್ಲ’ ಎನ್ನಬೇಕೇ? ಉಳಿದವರೂ ಹೇಳಿ.